ಬೈನರಿ ಸರ್ಚ್ ಟ್ರೀ: ನೋಡ್ ಸೇರಿಸುವುದು, ತೆಗೆಯುವುದು, ಪ್ರತಿ ಹೆಜ್ಜೆಗೂ ಚಿತ್ರ ಬರೆಯುವುದು

ಮೂರನೇ ಸೆಮಿಸ್ಟರಿನ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದರೆ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಒಂದೇ ಜಾಗದಲ್ಲಿ ಮಕ್ಕಳು ಮುಗ್ಗರಿಸಿರುತ್ತಾರೆ. ಟ್ರೀಗೆ ಹೊಸ ಸಂಖ್ಯೆ ಸೇರಿಸುವುದು ಬಹುತೇಕ ಎಲ್ಲರಿಗೂ ಬರುತ್ತದೆ. ಎರಡು ಮಕ್ಕಳಿರುವ ನೋಡ್ ತೆಗೆಯಿರಿ ಎಂದ ಕೂಡಲೇ ಅರ್ಧ ಕ್ಲಾಸು ತಪ್ಪುತ್ತದೆ. ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಈ ವಿಷಯ ಪಾಠ ಮಾಡುತ್ತಾ ನಾನು ಕಂಡುಕೊಂಡಿದ್ದು ಇಷ್ಟು: ತಪ್ಪಿಗೆ ಕಾರಣ ಮಕ್ಕಳಲ್ಲ, ನಮ್ಮ ಸ್ಲೈಡು. ಅದರಲ್ಲಿ "ಮೊದಲು", "ನಂತರ" ಎಂದು ಎರಡೇ ಚಿತ್ರ ಇರುತ್ತದೆ. ನಡುವೆ ಯಾವ ಬಾಣ ಯಾವಾಗ ಕದಲಿತು ಎಂಬುದು ಕಾಣುವುದೇ ಇಲ್ಲ.

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಪರದೆಯಲ್ಲಿ ರೂಟ್ 50 ತೆಗೆಯುವುದನ್ನು ನೋಡುತ್ತಲೇ ಕೇಳಿದಳು: "ಮೇಡಂ, 60 ಮೇಲೆ ಹೋಯ್ತು ಸರಿ. ಅದರ ಕೆಳಗಿದ್ದ 70 ಯಾರ ಕೈ ಹಿಡ್ಕೊಂಡಿತ್ತು ಆಗ?" ನನ್ನ ಸ್ಲೈಡಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ರಾತ್ರಿ ಕೂತು ಸ್ಲೈಡುಗಳನ್ನೆಲ್ಲ ಮತ್ತೆ ಬರೆದೆ. ಆ ಕ್ರಮವನ್ನೇ ಇಲ್ಲಿ ಕೊಡುತ್ತಿದ್ದೇನೆ. ಪಾಠ ಮಾಡುವವರು ಸ್ಲೈಡಿಗೆ, ಓದುವವರು ನೋಟ್‌ಬುಕ್ಕಿಗೆ ಬಳಸಿಕೊಳ್ಳಬಹುದು.

## ಹಂತ 1: ಬೇಕಾದ ಸಾಮಾನು

ಕಾಗದದ ಮೇಲೆ ಮಾಡುವುದಾದರೆ ಚೌಕುಳಿ ಪುಸ್ತಕ, ಪೆನ್ಸಿಲ್, ರಬ್ಬರ್, ಒಂದು ಕೆಂಪು ಪೆನ್. ಗೆರೆಯಿಲ್ಲದ ಹಾಳೆ ಬೇಡ.

ಸ್ಲೈಡಿಗಾದರೆ ಲಿಬ್ರೆಆಫೀಸ್ ಇಂಪ್ರೆಸ್ ಅಥವಾ ಪವರ್‌ಪಾಯಿಂಟ್, ಯಾವುದಾದರೂ ನಡೆಯುತ್ತದೆ. ಬಾಣಗಳಿಗೆ ಮಾತ್ರ ಸಾದಾ ಗೆರೆ ಎಳೆಯಬೇಡಿ, ಕನೆಕ್ಟರ್ ಬಳಸಿ. ಕನೆಕ್ಟರಿನ ತುದಿ ವೃತ್ತಕ್ಕೆ ಅಂಟಿಕೊಂಡಿರುತ್ತದೆ, ವೃತ್ತ ಎಳೆದರೆ ಬಾಣವೂ ಜೊತೆಗೆ ಬರುತ್ತದೆ. ಸಾದಾ ಗೆರೆ ಇದ್ದಲ್ಲೇ ಉಳಿಯುತ್ತದೆ. ಹತ್ತು ನೋಡ್ ಇರುವ ಟ್ರೀಯಲ್ಲಿ ಒಂಬತ್ತು ಬಾಣ. ಪ್ರತಿ ಸ್ಲೈಡಿನಲ್ಲೂ ಅವನ್ನು ಕೈಯಿಂದ ಸರಿಪಡಿಸುತ್ತಾ ಕೂತರೆ ಎಲ್ಲೋ ಒಂದು ತಪ್ಪೇ ತಪ್ಪುತ್ತದೆ.

ಬಾಣಕ್ಕೆ ಎರಡೇ ಬಣ್ಣ ಸಾಕು: ಕಪ್ಪು, ಕೆಂಪು. ಕೆಂಪು ಎಂದರೆ "ಈ ಸ್ಲೈಡಿನಲ್ಲಿ ಬದಲಾಗುತ್ತಿರುವುದು". ಹೋಗುತ್ತಿರುವ ಬಾಣವನ್ನು ತಿಳಿ ಬೂದು ಮಾಡಿದರೆ ಹಳೆಯ ಪ್ರೊಜೆಕ್ಟರಿನಲ್ಲಿ ಕಾಣುವುದಿಲ್ಲ, ಅದನ್ನು ಚುಕ್ಕಿ ಗೆರೆ ಮಾಡಿ. ಆನಿಮೇಶನ್ ಪೂರ್ತಿ ಬಿಡಿ. ಹಿಂದಿನ ಹೆಜ್ಜೆ ತೋರಿಸಿ ಎಂದು ಯಾರಾದರೂ ಕೇಳಿದಾಗ ಒಂದು ಸ್ಲೈಡ್ ಹಿಂದೆ ಹೋಗುವಷ್ಟು ಸುಲಭ ಬೇರೊಂದಿಲ್ಲ.

## ಹಂತ 2: ಮೊದಲು ಕಾಲಂ ಹಾಕಿ, ಆಮೇಲೆ ಟ್ರೀ

ಇಡೀ ವಿಧಾನ ನಿಂತಿರುವುದು ಇದರ ಮೇಲೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಅಡಿಕೆ ಮಂಡಿಯಲ್ಲಿ ಹತ್ತು ಲಾಟುಗಳ ಚೀಟಿ ಈ ಕ್ರಮದಲ್ಲಿ ಕೈಗೆ ಬಂತು ಎಂದಿಟ್ಟುಕೊಳ್ಳಿ: 50, 25, 75, 10, 35, 60, 90, 30, 70, 65. ಟ್ರೀ ಬರೆಯುವ ಮೊದಲು ಇವನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಹಾಳೆಯ ತಲೆಯಲ್ಲಿ ಒಂದೊಂದಕ್ಕೆ ಒಂದೊಂದು ಕಾಲಂ ಕೊಡಿ: 10, 25, 30, 35, 50, 60, 65, 70, 75, 90. ಯಾವ ಸಂಖ್ಯೆಯೂ ಟ್ರೀಯಲ್ಲಿ ಎಷ್ಟು ಆಳಕ್ಕೆ ಹೋದರೂ ತನ್ನ ಕಾಲಂ ಬಿಟ್ಟು ಪಕ್ಕಕ್ಕೆ ಸರಿಯಕೂಡದು. ಎಷ್ಟನೇ ಸಾಲು ಎಂಬುದನ್ನು ಟ್ರೀ ಹೇಳುತ್ತದೆ, ಯಾವ ಕಾಲಂ ಎಂಬುದನ್ನು ಸಂಖ್ಯೆ ಹೇಳುತ್ತದೆ.

ಇಂಪ್ರೆಸ್‌ನಲ್ಲಿ 16:9 ಸ್ಲೈಡ್ 28 ಸೆಂ.ಮೀ. ಅಗಲ, 15.75 ಸೆಂ.ಮೀ. ಎತ್ತರ ಇರುತ್ತದೆ. ಕಾಲಂಗೆ 2.5 ಸೆಂ.ಮೀ. ಕೊಟ್ಟರೆ ಹತ್ತು ಕಾಲಂಗೆ 25 ಆಯಿತು, ಅಂಚಿಗೂ ಜಾಗ ಉಳಿಯಿತು. ಸಾಲಿಗೂ 2.5 ಕೊಟ್ಟರೆ ಐದು ಸಾಲು ಕೂರುತ್ತದೆ. ವೃತ್ತದ ವ್ಯಾಸ 1.6 ಇರಲಿ. ಹತ್ತಕ್ಕಿಂತ ಹೆಚ್ಚು ನೋಡ್ ತುಂಬಿಸಲು ಹೋದರೆ ಹಿಂದಿನ ಬೆಂಚಿಗೆ ಅಂಕಿ ಕಾಣುವುದಿಲ್ಲ.

ಪೂರ್ತಿ ಟ್ರೀ ಹೀಗಿರುತ್ತದೆ:

```
    +-----------50--------------+
+---25------+       +-----------75--+
10      +---35      60------+       90
        30              +---70
                        65
```

ಸಾಮಾನ್ಯವಾಗಿ ಪುಸ್ತಕಗಳಲ್ಲಿ ಕಾಣುವ ಅಚ್ಚುಕಟ್ಟಾದ ತ್ರಿಕೋನದ ಹಾಗೆ ಇದಿಲ್ಲ. ಆದರೆ ಎಡದಿಂದ ಬಲಕ್ಕೆ ಕಾಲಂ ಹಿಡಿದು ಓದುತ್ತಾ ಹೋದರೆ ಏರಿಕೆ ಕ್ರಮವೇ ಬರುತ್ತದೆ. ಅದೇ ಇನ್‌ಆರ್ಡರ್ ಓದು. ಪ್ರೋಗ್ರಾಂ ಓಡಿಸದೆಯೇ ಅದರ ಔಟ್‌ಪುಟ್ ನಿಮ್ಮ ಕಣ್ಣ ಮುಂದಿದೆ.

ಇದರಿಂದ ಸಿಗುವ ದೊಡ್ಡ ಲಾಭ ಬೇರೆ. ಮಕ್ಕಳು ಟ್ರೀ ಸರಿಯೇ ಎಂದು ನೋಡುವಾಗ ಅಪ್ಪ-ಮಗನ ಜೋಡಿಯನ್ನಷ್ಟೇ ಹೋಲಿಸುತ್ತಾರೆ. 35ರ ಬಲಕ್ಕೆ 60 ಬರೆದುಬಿಟ್ಟರೂ "35ಕ್ಕಿಂತ 60 ದೊಡ್ಡದು, ಸರಿ" ಎಂದು ಮುಂದೆ ಹೋಗುತ್ತಾರೆ. ಆದರೆ 35 ಇರುವುದು 50ರ ಎಡ ಭಾಗದಲ್ಲಿ. ಅಲ್ಲಿ 50ಕ್ಕಿಂತ ದೊಡ್ಡದು ಯಾವುದೂ ಇರುವ ಹಾಗಿಲ್ಲ. ಕಾಲಂ ಹಾಕಿ ಬರೆದಿದ್ದರೆ 35ರಿಂದ 60ಕ್ಕೆ ಎಳೆದ ಬಾಣ 50ರ ಕಾಲಂ ದಾಟಿಕೊಂಡು ಹೋಗುತ್ತದೆ. ಮೇಲಿನ ಹಿರಿಯರ ಪೈಕಿ ಒಬ್ಬರ ಕಾಲಂ ಅನ್ನು ಬಾಣ ದಾಟಿತು ಎಂದರೆ ಟ್ರೀ ಕೆಟ್ಟಿದೆ. ಲೆಕ್ಕ ಮಾಡಬೇಕಾಗಿಯೇ ಇಲ್ಲ, ಕಾಣುತ್ತದೆ.

## ಹಂತ 3: ಸೇರಿಸುವುದು

ಇದನ್ನು ಬೇಗ ಮುಗಿಸೋಣ. ಕೊನೆಯ ಸಂಖ್ಯೆ 65 ಮಾತ್ರ ತೆಗೆದುಕೊಳ್ಳುತ್ತೇನೆ.

ರೂಟಿನಿಂದ ಶುರು. 65 ದೊಡ್ಡದು 50ಕ್ಕಿಂತ, ಬಲಕ್ಕೆ. 75ಕ್ಕಿಂತ ಚಿಕ್ಕದು, ಎಡಕ್ಕೆ. 60ಕ್ಕಿಂತ ದೊಡ್ಡದು, ಬಲಕ್ಕೆ. 70ಕ್ಕಿಂತ ಚಿಕ್ಕದು, ಎಡಕ್ಕೆ. ಅಲ್ಲಿ ಯಾರೂ ಇಲ್ಲ. ಆ ಖಾಲಿ ಜಾಗದಲ್ಲೇ 65 ಕೂರಬೇಕು. ನಾಲ್ಕು ಹೋಲಿಕೆ, ನಾಲ್ಕು ಸ್ಲೈಡ್, ಐದನೆಯದರಲ್ಲಿ ಹೊಸ ವೃತ್ತ ಮತ್ತು ಒಂದು ಕೆಂಪು ಬಾಣ. ಇಳಿಯುತ್ತಿರುವ 65ನ್ನು ಪ್ರತಿ ಸ್ಲೈಡಿನಲ್ಲೂ ಹೋಲಿಸುತ್ತಿರುವ ನೋಡಿನ ಪಕ್ಕದಲ್ಲಿ ಚೌಕದೊಳಗೆ ಬರೆಯಿರಿ, ವೃತ್ತದೊಳಗಲ್ಲ. ವೃತ್ತ ಎಂದರೆ ಟ್ರೀಯೊಳಗೆ ಬಂದಾಯಿತು ಎಂದರ್ಥ.

ಇಲ್ಲಿ ಪದೇ ಪದೇ ಕಾಣುವ ತಪ್ಪು, 60 ಮತ್ತು 70ರ ನಡುವಿನ ಬಾಣ ಮುರಿದು ಅಲ್ಲಿಗೆ 65 ತುರುಕುವುದು. ಸಂಖ್ಯೆ ನಡುವಿನದು, ಹಾಗಾಗಿ ಜಾಗವೂ ನಡುವೆಯೇ ಇರಬೇಕು ಅನ್ನಿಸುತ್ತದೆ. ಸಾದಾ ಬೈನರಿ ಸರ್ಚ್ ಟ್ರೀಯಲ್ಲಿ ಹೊಸ ನೋಡ್ ಯಾವಾಗಲೂ ಲೀಫ್ ಆಗಿಯೇ ಸೇರುತ್ತದೆ. ಇದ್ದ ಬಾಣ ಒಂದೂ ಮುರಿಯುವುದಿಲ್ಲ. ಸೇರಿಸುವ ಸ್ಲೈಡಿನಲ್ಲಿ ಎಲ್ಲಾದರೂ ಚುಕ್ಕಿ ಗೆರೆ ಬಂತೆಂದರೆ ಅಲ್ಲೇ ನಿಲ್ಲಿಸಿ.

ಕೋಡಿನಲ್ಲಿ ಆಗುವ ತಪ್ಪು ಬೇರೆ ಥರದ್ದು:

```c
struct node *insert(struct node *root, int key) {
    if (root == NULL) return newnode(key);
    if (key < root->key)
        root->left = insert(root->left, key);
    else if (key > root->key)
        root->right = insert(root->right, key);
    return root;
}
```

`root->left =` ಎಂಬ ಭಾಗ ಬಿಟ್ಟು ಬರೀ `insert(root->left, key);` ಎಂದು, ಬಲಕ್ಕೂ ಹಾಗೆಯೇ ಬರೆದರೂ ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಓಡುತ್ತದೆ, ಎರರ್ ಬರುವುದಿಲ್ಲ. ಹೊಸ ನೋಡ್ ಹುಟ್ಟುತ್ತದೆ, ಅದರ ವಿಳಾಸ ಹಿಂದಕ್ಕೆ ಬರುತ್ತದೆ, ಹಿಡಿದುಕೊಳ್ಳುವವರಿಲ್ಲ. ಹತ್ತು ಸಂಖ್ಯೆ ಕೊಟ್ಟು ಇನ್‌ಆರ್ಡರ್ ಮಾಡಿದಾಗ ರೂಟ್ ಒಂದೇ ಬಂದರೆ ತಪ್ಪು ಇದೇ. ಸ್ಲೈಡಿನ ಭಾಷೆಯಲ್ಲಿ ಹೇಳುವುದಾದರೆ ವೃತ್ತ ಬರೆದಿರಿ, ಬಾಣ ಎಳೆಯಲಿಲ್ಲ.

ಒಂದೇ ಸಂಖ್ಯೆ ಎರಡು ಸಲ ಬಂದರೆ? ಮೇಲಿನ ಕೋಡ್ ಎರಡನೆಯದನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ವಿಟಿಯು ಲ್ಯಾಬ್ ಪಟ್ಟಿಯಲ್ಲಿ ಬಂದಿರುವ 6, 9, 5, 2, 8, 15, 24, 14, 7, 8, 5, 2 ಎಂಬ ಸರಣಿಯಲ್ಲಿ ಹನ್ನೆರಡು ಸಂಖ್ಯೆಗಳಿವೆ, ಬೇರೆ ಬೇರೆಯವು ಒಂಬತ್ತೇ. ಔಟ್‌ಪುಟ್‌ನಲ್ಲಿ ಒಂಬತ್ತು ಬಂದರೆ ಗಾಬರಿ ಬೇಡ. ಬಿಡುತ್ತೀರೋ, ಬಲಕ್ಕೆ ಸೇರಿಸುತ್ತೀರೋ ಎಂಬುದನ್ನು ಮೊದಲ ಸ್ಲೈಡಿನಲ್ಲೇ ಒಂದು ಸಾಲು ಬರೆದುಬಿಡಿ.

## ಹಂತ 4: ತೆಗೆಯುವುದರಲ್ಲಿ ಸುಲಭವಾದ ಎರಡು

ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ನೋಡಿಗೆ ಎಷ್ಟು ಮಕ್ಕಳು? ಉತ್ತರ ಸ್ಲೈಡಿನ ಮೂಲೆಯಲ್ಲಿ ಬರೆದೇ ಮುಂದೆ ಹೋಗಿ.

ಮಕ್ಕಳಿಲ್ಲದ ನೋಡ್. 90 ತೆಗೆಯಬೇಕು. 75ರ ಬಲ ಬಾಣವನ್ನು `NULL` ಮಾಡಿ, ಆಮೇಲೆ 90ರ ವೃತ್ತ ಅಳಿಸಿ. ಇಂಪ್ರೆಸ್‌ನಲ್ಲಿ ಇದೇ ಕ್ರಮ ತಿರುಗಿಸಿ, ಮೊದಲು ವೃತ್ತ ಅಳಿಸಿ ನೋಡಿ: ಕನೆಕ್ಟರ್ ಹೋಗುವುದಿಲ್ಲ, ಅದರ ತುದಿ ಗಾಳಿಯಲ್ಲಿ ನೇತಾಡುತ್ತಿರುತ್ತದೆ. `free` ಮಾಡಿ ಪಾಯಿಂಟರ್ ಮುಟ್ಟದೆ ಬಿಟ್ಟಾಗ ಮೆಮೊರಿಯಲ್ಲೂ ಆಗುವುದು ಇದೇ. ಡ್ಯಾಂಗ್ಲಿಂಗ್ ಪಾಯಿಂಟರ್ ಎಂದರೇನು ಎಂದು ವಿವರಿಸಲು ನಾನು ಈ ನೇತಾಡುವ ಬಾಣವನ್ನೇ ತೋರಿಸುತ್ತೇನೆ.

ಒಂದು ಮಗು ಇರುವ ನೋಡ್. ಮೂಲ ಟ್ರೀಗೇ ಮರಳಿ, ಈ ಸಲ 35 ತೆಗೆಯೋಣ. ಅದಕ್ಕೆ ಎಡಗಡೆ 30 ಒಂದೇ ಮಗು. 25ರ ಬಲ ಬಾಣ 35ರಿಂದ ಬಿಡಿಸಿ 30ಕ್ಕೆ ಹಚ್ಚಬೇಕು.

ಇಲ್ಲಿ ಎಡವುವವರು ತುಂಬ ಜನ. "30 ಎಡ ಮಗು ಅಲ್ವಾ" ಎಂದುಕೊಂಡು 25ರ ಎಡಕ್ಕೆ ಹಚ್ಚುತ್ತಾರೆ. ಅಲ್ಲಿ ಆಗಲೇ 10 ಇದೆ, ಅದು ಕಳಚಿಬಿತ್ತು. ಮೊಮ್ಮಗು ಯಾವ ಕಡೆಗೆ ಹೋಗಬೇಕು ಎಂದು ತೀರ್ಮಾನಿಸುವುದು ಅದು ಇದ್ದ ಕಡೆಯಲ್ಲ, ತೆಗೆದ ನೋಡ್ ಯಾವ ಕಡೆಗಿತ್ತೋ ಆ ಕಡೆ. 35 ಇದ್ದಿದ್ದು 25ರ ಬಲಕ್ಕೆ, ಹಾಗಾಗಿ 30 ಕೂಡ ಬಲಕ್ಕೇ. ಕಾಲಂ ನೋಡಿದರೂ ಗೊತ್ತಾಗುತ್ತದೆ: 30ರ ಕಾಲಂ 25ರ ಬಲಗಡೆ ಇದೆ, ಅದನ್ನು ಎಡ ಬಾಣಕ್ಕೆ ಹಚ್ಚಲು ಹೋದರೆ ಬಾಣ ಹಿಂದಕ್ಕೆ ತಿರುಗಬೇಕಾಗುತ್ತದೆ.

ಸ್ಲೈಡಿನಲ್ಲಿ ಹಳೆಯ ಬಾಣ ಅಳಿಸಿ ಹೊಸದು ಎಳೆಯಬೇಡಿ. 25ರಿಂದ ಹೊರಟ ಅದೇ ಕನೆಕ್ಟರಿನ ತುದಿಯನ್ನು ಹಿಡಿದೆಳೆದು 30ಕ್ಕೆ ಅಂಟಿಸಿ. ಕೋಡಿನಲ್ಲಿ ಒಂದು ಪಾಯಿಂಟರಿಗೆ ಹೊಸ ಬೆಲೆ ಕೊಡುವುದು ಎಂದರೆ ಇಷ್ಟೇ.

## ಹಂತ 5: ಎರಡು ಮಕ್ಕಳಿರುವ ನೋಡ್, ಆರು ಸ್ಲೈಡಿನಲ್ಲಿ

ಮತ್ತೆ ಮೂಲ ಟ್ರೀ. ಹತ್ತೂ ನೋಡ್ ಇವೆ. ರೂಟ್ ಆಗಿರುವ 50ನ್ನೇ ತೆಗೆಯಬೇಕು.

ಸ್ಲೈಡ್ 1. 50ರ ವೃತ್ತಕ್ಕೆ ಕೆಂಪು ಅಂಚು. ಮೂಲೆಯಲ್ಲಿ "ಮಕ್ಕಳು: 2" ಎಂದು ಬರೆಯಿರಿ. ಬೇರೇನೂ ಮಾಡಬೇಡಿ.

ಸ್ಲೈಡ್ 2: ಸಕ್ಸೆಸರ್ ಹುಡುಕುವುದು. ಸಕ್ಸೆಸರ್ ಎಂದರೆ 50ರ ನಂತರದ ಮುಂದಿನ ಸಂಖ್ಯೆ. ಒಂದು ಸಲ ಬಲಕ್ಕೆ, ಆಮೇಲೆ ಎಡಕ್ಕೆ ಹೋಗಲು ಸಾಧ್ಯವಿರುವಷ್ಟು ಎಡಕ್ಕೆ. 75, ಅಲ್ಲಿಂದ 60. 60ಕ್ಕೆ ಎಡ ಮಗು ಇಲ್ಲ, ನಿಲ್ಲಬೇಕು. 60ರ ಪಕ್ಕ `s` ಎಂದೂ ಅದರ ಅಪ್ಪ 75ರ ಪಕ್ಕ `p` ಎಂದೂ ಬರೆಯಿರಿ. `p` ಬರೆಯದೆ ಮುಂದೆ ಹೋದವರು ಸ್ಲೈಡ್ 4ರಲ್ಲಿ ಸಿಕ್ಕಿಬೀಳುತ್ತಾರೆ.

ಕಾಲಂ ವಿಧಾನ ಫಲ ಕೊಡುವುದು ಇಲ್ಲೇ. 50ರ ಬಲಕ್ಕೆ ಅಂಟಿಕೊಂಡಿರುವ ಕಾಲಂ ಯಾವುದು? 60ರದ್ದು. ಸಕ್ಸೆಸರ್ ಯಾವಾಗಲೂ ಪಕ್ಕದ ಕಾಲಂನಲ್ಲೇ ಇರುತ್ತದೆ. ಅದಕ್ಕೆ ಎಡ ಮಗು ಯಾಕೆ ಇರಲಾರದು ಎಂಬುದಕ್ಕೂ ಇಲ್ಲೇ ಉತ್ತರ ಇದೆ: ಇದ್ದಿದ್ದರೆ ಆ ಮಗು 50 ಮತ್ತು 60ರ ನಡುವೆ ಒಂದು ಕಾಲಂ ಹಿಡಿದಿರಬೇಕಿತ್ತು. ನಡುವೆ ಕಾಲಂ ಇಲ್ಲ, ಹಾಗಾಗಿ ಮಗುವೂ ಇಲ್ಲ.

ಆದರೆ ಬಲ ಮಗು ಇರಬಹುದು. 60ಕ್ಕೆ 70 ಇದೆ. "ಸಕ್ಸೆಸರ್ ಅಂದ್ರೆ ಲೀಫ್ ಆಗಿರ್ಬೇಕು" ಎಂದು ಯಾರೋ ಯಾವಾಗಲೋ ಹೇಳಿದ್ದನ್ನು ನಂಬಿಕೊಂಡು 60ರಲ್ಲಿ ನಿಲ್ಲದೆ 70ಕ್ಕೆ, ಅಲ್ಲಿಂದ 65ಕ್ಕೆ ಇಳಿಯುವವರಿದ್ದಾರೆ. 65ನ್ನು ರೂಟಿಗೆ ಹಾಕಿದರೆ 60 ಅದರ ಬಲ ಭಾಗದಲ್ಲಿ ಉಳಿದುಬಿಡುತ್ತದೆ. ಚಿಕ್ಕದು ಬಲಕ್ಕೆ ಬಂತು, ಟ್ರೀ ಕೆಟ್ಟಿತು. ಆಮೇಲೆ 60 ಹುಡುಕಿದರೆ ಪ್ರೋಗ್ರಾಂ ರೂಟಿನಿಂದ ಎಡಕ್ಕೆ ಹೋಗಿ "ಇಲ್ಲ" ಎನ್ನುತ್ತದೆ, ನೋಡ್ ಟ್ರೀಯಲ್ಲೇ ಇದ್ದರೂ.

ಸ್ಲೈಡ್ 3: ಬೆಲೆ ನಕಲು. ರೂಟಿನ ವೃತ್ತದಲ್ಲಿದ್ದ 50 ಒರೆಸಿ 60 ಬರೆಯಿರಿ. ವೃತ್ತ ಅಲ್ಲೇ ಇದೆ, ಅದರ ಎರಡೂ ಬಾಣ ಅಲ್ಲೇ ಇವೆ, ಒಳಗಿನ ಅಂಕಿ ಮಾತ್ರ ಬೇರೆ. ಈಗ ಸ್ಲೈಡಿನಲ್ಲಿ ಎರಡು 60 ಇವೆ:

```
    +-----------60--------------+
+---25------+       +-----------75--+
10      +---35      60------+       90
        30              +---70
                        65
```

ಈ ಚಿತ್ರವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಎರಡು 60 ನೋಡಿ ಮಕ್ಕಳು ಹೆದರುತ್ತಾರೆ, ಕೆಲವರು ಇದೇ ತಪ್ಪೆಂದು ಹೊಡೆದುಹಾಕಿ ಮೊದಲಿನಿಂದ ಶುರು ಮಾಡುತ್ತಾರೆ. ಇದು ದಾಟಬೇಕಾದ ಸ್ಥಿತಿ, ಒಂದು ಕ್ಷಣ ಹೀಗಿರಲೇಬೇಕು. "60 ಮೇಲಕ್ಕೆ ಹೋಯಿತು" ಎಂಬ ಮಾತನ್ನು ನಾನು ಕ್ಲಾಸಿನಲ್ಲಿ ಬಿಟ್ಟೇಬಿಟ್ಟಿದ್ದೇನೆ. ಯಾವ ನೋಡೂ ಎಲ್ಲಿಗೂ ಹೋಗಲಿಲ್ಲ. ಅಂಕಿಯೊಂದು ನಕಲಾಯಿತು, ಅಷ್ಟೆ.

ಸ್ಲೈಡ್ 4: ಒಂದೇ ಒಂದು ಬಾಣ. `p` ಅಂದರೆ 75, ಅದರ ಎಡ ಬಾಣದ ತುದಿಯನ್ನು ಕೆಳಗಿನ 60ರಿಂದ ಬಿಡಿಸಿ 70ಕ್ಕೆ ಅಂಟಿಸಿ. ಕೆಂಪು ಮಾಡಿ. ಕೆಳಗಿನ 60ರಿಂದ 70ಕ್ಕೆ ಹೋಗುವ ಬಾಣ ಇನ್ನೂ ಹಾಗೇ ಇರಲಿ. ಈ ಗಳಿಗೆಯಲ್ಲಿ 70ನ್ನು ಇಬ್ಬರು ಹಿಡಿದಿದ್ದಾರೆ, ಕೆಳಗಿನ 60ನ್ನು ಯಾರೂ ಹಿಡಿದಿಲ್ಲ. ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಈ ಸ್ಲೈಡು.

ಸ್ಲೈಡ್ 5. ಈಗ ಕೆಳಗಿನ 60ರ ವೃತ್ತವನ್ನೂ ಅದರಿಂದ ಹೊರಟ ಬಾಣವನ್ನೂ ಅಳಿಸಿ. ಕೋಡಿನಲ್ಲಿ `free(s)`.

4 ಮತ್ತು 5 ಅದಲುಬದಲಾದರೆ ಏನಾಗುತ್ತದೆ ಎಂದು ಹೇಳಲು ನಮ್ಮ ಕಡೆಯ ಮಕ್ಕಳಿಗೆ ತೋಟದ ಉದಾಹರಣೆ ಸಾಕು. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಗೆ ಹೊಸ ಕಟ್ಟು ಹಾಕುವ ಮೊದಲೇ ಹಳೆಯದನ್ನು ಬಿಚ್ಚಿದರೆ ಬಳ್ಳಿ ಪೂರ್ತಿ ಜಾರಿ ಬುಡಕ್ಕೆ ಬರುತ್ತದೆ. ಇಲ್ಲೂ ಹಾಗೇ. 60 ಮೊದಲು ಹೋದರೆ 70ರ ವಿಳಾಸ ಗೊತ್ತಿದ್ದವರು ಯಾರೂ ಉಳಿಯುವುದಿಲ್ಲ, 65 ಕೂಡ ಅದರ ಜೊತೆ ಹೋಯಿತು.

ಸ್ಲೈಡ್ 6: ಅಚ್ಚುಕಟ್ಟು. 70 ಮತ್ತು 65 ಎರಡನ್ನೂ ಒಂದು ಸಾಲು ಮೇಲಕ್ಕೆ ಎತ್ತಿ. ನೇರ ಮೇಲಕ್ಕೆ, ಕಾಲಂ ಬದಲಿಸದೆ. ಖಾಲಿಯಾದ ಕಾಲಂ ಖಾಲಿಯೇ ಇರಲಿ, ಮುಚ್ಚಲು ಹೋಗಬೇಡಿ.

```
    +-----------60--------------+
+---25------+               +---75--+
10      +---35          +---70      90
        30              65
```

ಬಾಣ ಬದಲಿಸುವುದು, ಚಿತ್ರ ಎತ್ತುವುದು ಎರಡನ್ನೂ ಒಂದೇ ಸ್ಲೈಡಿನಲ್ಲಿ ಮಾಡಿದರೆ ಮೂರು ನೋಡ್ ಬದಲಾದಂತೆ ಕಾಣುತ್ತದೆ. 65 ಮೆಮೊರಿಯಲ್ಲಿ ಕದಲಿಯೇ ಇಲ್ಲ. ಅದಕ್ಕೇ ಬೇರೆ ಸ್ಲೈಡ್.

ಎಡ ಭಾಗದ ಅತಿ ದೊಡ್ಡ ಸಂಖ್ಯೆ 35ನ್ನು ತೆಗೆದುಕೊಂಡರೂ ಟ್ರೀ ಸರಿಯೇ. ಅದು ಪ್ರಿಡಿಸೆಸರ್, 50ರ ಎಡಕ್ಕೆ ಅಂಟಿದ ಕಾಲಂ. ಚಿತ್ರ ಬೇರೆ ಬರುತ್ತದೆ, ಆದರೆ ತಪ್ಪಲ್ಲ. ಪರೀಕ್ಷೆಯಲ್ಲಿ ಯಾವುದನ್ನು ಬಳಸಿದಿರಿ ಎಂದು ಒಂದು ಸಾಲು ಬರೆಯಿರಿ.

## ಹಂತ 6: ಸಕ್ಸೆಸರ್ ನೇರ ಬಲ ಮಗುವೇ ಆಗಿದ್ದರೆ

ಹಂತ 5 ಸರಿಯಾಗಿ ಕಲಿತವರೂ ಇಲ್ಲಿ ಬೀಳುತ್ತಾರೆ. ಅದಕ್ಕೆ ಇದಕ್ಕೊಂದು ಹಂತವೇ ಬೇಕು.

ಈಗಿರುವ ಟ್ರೀಯಿಂದ 25 ತೆಗೆಯಿರಿ. ಸಕ್ಸೆಸರ್ 30, ಅದರ ಅಪ್ಪ 35. ಅಂಕಿ ನಕಲಾಯಿತು, 35ರ ಎಡ `NULL` ಆಯಿತು. ಹಿಂದಿನಂತೆಯೇ, ಹೊಸದೇನಿಲ್ಲ. ಈಗ ಆ ವೃತ್ತದಲ್ಲಿ 30 ಇದೆ, ಎಡಕ್ಕೆ 10, ಬಲಕ್ಕೆ 35.

ಇನ್ನು ಆ 30 ತೆಗೆಯಿರಿ. ಒಂದು ಸಲ ಬಲಕ್ಕೆ: 35. ಎಡಕ್ಕೆ ಹೋಗಲು ಯಾರೂ ಇಲ್ಲ. ಹಾಗಾದರೆ ಸಕ್ಸೆಸರ್ 35. ಅದರ ಅಪ್ಪ `p` ಯಾರು? ತೆಗೆಯಬೇಕೆಂದಿರುವ ನೋಡೇ. ಹಿಂದಿನ ಎರಡು ಸಲವೂ ನಾವು ಬದಲಿಸಿದ್ದು `p`ಯ ಎಡ ಬಾಣ. ಕೈ ಅಭ್ಯಾಸದಲ್ಲಿ ಇಲ್ಲೂ ಎಡವನ್ನೇ ಬದಲಿಸುತ್ತದೆ. ಆದರೆ 35 ನೇತಾಡುತ್ತಿರುವುದು ಬಲ ಬಾಣದಲ್ಲಿ.

ಸರಿಯಾದ ಕೋಡ್ ಇದು, `cur` ಎಂದರೆ ತೆಗೆಯಬೇಕಾದ ನೋಡ್:

```c
p = cur;
s = cur->right;
while (s->left != NULL) {
    p = s;
    s = s->left;
}
cur->key = s->key;
if (p == cur)
    p->right = s->right;
else
    p->left = s->right;
free(s);
```

ಕೊನೆಯ `if` ಬಿಟ್ಟು ಬರೀ `p->left = s->right;` ಬರೆದರೆ 10ಕ್ಕೆ ಹೋಗುತ್ತಿದ್ದ ಎಡ ಬಾಣ `NULL` ಆಗುತ್ತದೆ, 10 ಕಳೆದುಹೋಗುತ್ತದೆ. ಬಲ ಬಾಣ ಹಳೆಯ 35ರ ಮೇಲೆಯೇ ಉಳಿಯುತ್ತದೆ.

ಇದನ್ನು ಪತ್ತೆ ಹಚ್ಚುವುದು ಕಷ್ಟ, ಯಾಕೆಂದು ನೋಡಿ. 50, 25, 30 ಮೂರೂ ತೆಗೆದ ಮೇಲೆ ಇನ್‌ಆರ್ಡರ್ ಬರಬೇಕಾದದ್ದು:

```
10 35 60 65 70 75 90
```

ತಪ್ಪು ಕೋಡಿನಲ್ಲಿ, `free` ಸಾಲು ಇನ್ನೂ ಬರೆದಿಲ್ಲ ಎಂದುಕೊಂಡರೆ, ಬರುವುದು:

```
35 35 60 65 70 75 90
```

ಎರಡರಲ್ಲೂ ಏಳೇ ಸಂಖ್ಯೆ. ಎರಡೂ ಏರಿಕೆ ಕ್ರಮದಲ್ಲೇ ಇರುವಂತೆ ಕಾಣುತ್ತವೆ. ಎಣಿಸಿ "ಏಳು ಬಂತು ಮೇಡಂ, ಸರಿ ಇದೆ" ಎಂದು ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಹೋದವರಿದ್ದಾರೆ, ಸಹಿ ಹಾಕಿದ ತಪ್ಪು ನನ್ನದು. `free` ಇದ್ದರೆ ಇನ್ನೂ ಕಷ್ಟ: ಬಿಟ್ಟುಕೊಟ್ಟ ಮೆಮೊರಿಯನ್ನು ಓದುತ್ತಿರುತ್ತೀರಿ. ಒಂದು ಯಂತ್ರದಲ್ಲಿ ಕಸದ ಸಂಖ್ಯೆ ಬರಬಹುದು, ಇನ್ನೊಂದರಲ್ಲಿ ಪ್ರೋಗ್ರಾಂ ಬೀಳಬಹುದು, ಮತ್ತೊಂದರಲ್ಲಿ ಏನೂ ಆಗದಂತೆ ಕಾಣಬಹುದು. ಆದ್ದರಿಂದ ಔಟ್‌ಪುಟ್ ಎಣಿಸಬೇಡಿ. ಪ್ರತಿ ಸಲ ತೆಗೆದ ಮೇಲೂ ಕಾಗದದ ಮೇಲಿನ ಕಾಲಂ ಸಾಲಿನೊಂದಿಗೆ ಅಂಕಿ ಅಂಕಿ ಹೋಲಿಸಿ. ಪಕ್ಕಪಕ್ಕ ಒಂದೇ ಸಂಖ್ಯೆ ಎರಡು ಸಲ ಬಂತೆಂದರೆ ಸ್ಲೈಡ್ 3ರಲ್ಲೇ ಸಿಕ್ಕಿಹಾಕಿಕೊಂಡಿದ್ದೀರಿ. ನಕಲಾಗಿದೆ, ಆದರೆ ಹಳೆಯದು ಕಳಚಿಲ್ಲ.

ರಿಕರ್ಶನ್‌ನಲ್ಲಿ ಬರೆಯುವವರಿಗೆ ಈ `if` ಬೇಕಿಲ್ಲ, ಆದರೆ ಅವರಿಗೆ ಬೇರೆ ಗುಂಡಿ ಇದೆ. ಅಂಕಿ ನಕಲು ಮಾಡಿದ ಮೇಲೆ `root->right = del(root->right, s->key);` ಎಂದು ಬಲ ಭಾಗವನ್ನಷ್ಟೇ ಕರೆಯಬೇಕು. ಮರೆತು `del(root, s->key)` ಎಂದರೆ ರೂಟಿನಲ್ಲೇ ಆ ಅಂಕಿ ಸಿಕ್ಕಿ, ಅದೇ ಸಕ್ಸೆಸರ್ ಮತ್ತೆ ಹುಡುಕಿ, ಮತ್ತೆ ತನ್ನನ್ನೇ ಕರೆದುಕೊಳ್ಳುತ್ತದೆ. ಎರಡು ಮಕ್ಕಳಿರುವ ನೋಡ್ ತೆಗೆದಾಗ ಮಾತ್ರ ಸೆಗ್ಮೆಂಟೇಶನ್ ಫಾಲ್ಟ್ ಬರುತ್ತಿದ್ದರೆ ಮೊದಲು ಈ ಸಾಲು ನೋಡಿ.

## ಹಂತ 7: ಕರೆಂಟ್ ಇಲ್ಲದ ದಿನ

ಜುಲೈನಲ್ಲಿ ನಮ್ಮಲ್ಲಿ ಪ್ರೊಜೆಕ್ಟರ್ ನೆಚ್ಚಿಕೊಂಡು ಕ್ಲಾಸಿಗೆ ಹೋಗುವ ಹಾಗಿಲ್ಲ. ಬೋರ್ಡಿನಲ್ಲಿ ಹತ್ತು ಲಂಬ ಗೆರೆ ತೆಳುವಾಗಿ ಎಳೆದುಕೊಂಡರೆ ಇದೇ ಪಾಠ ನಡೆಯುತ್ತದೆ. ಸ್ಲೈಡ್ 3ರ ಎರಡು 60 ಬೋರ್ಡಿನಲ್ಲೂ ಬರಲಿ. ಒರೆಸುವ ಮೊದಲು ಮಕ್ಕಳಿಗೆ ಬರೆದುಕೊಳ್ಳಲು ಸಮಯ ಕೊಡಿ, ಬೋರ್ಡಿನಲ್ಲಿ ಹಿಂದಿನ ಸ್ಲೈಡಿಗೆ ಹೋಗಲಾಗುವುದಿಲ್ಲ.

ಒಂದು ಮಧ್ಯಾಹ್ನ ಕತ್ತಲೆ ಕವಿದು ಬೋರ್ಡೂ ಕಾಣದಾದಾಗ ಕಾರಿಡಾರಿನ ನೆಲದ ಮೇಲೆ ಹತ್ತು ಚೀಟಿ ಇಟ್ಟು, ಒಂಬತ್ತು ದಾರದ ತುಂಡುಗಳಲ್ಲಿ ಮಾಡಿದೆವು. ನಿಯಮ ಒಂದೇ: ದಾರ ತಲುಪದ ಚೀಟಿಯನ್ನು ನಾನು ಎತ್ತಿಕೊಳ್ಳುತ್ತೇನೆ. 50 ತೆಗೆಯುವಾಗ ಮೊದಲ ತಂಡ 70, 65 ಎರಡನ್ನೂ ಕಳೆದುಕೊಂಡಿತು. ಎರಡನೇ ತಂಡದ ಹುಡುಗ 60ರ ಚೀಟಿ ಎತ್ತಲು ಹೋದವನು ಕೈ ಹಿಂದಕ್ಕೆಳೆದು, "ತಡಿಯೋ, ಮೊದ್ಲು 75ರ ದಾರ ಇತ್ಲಾಗೆ ತಗಂಬಾ" ಎಂದ.

## ಹಂತ 8: ನೀವೇ ಮಾಡಿ ನೋಡಲು

ಲ್ಯಾಬಿನ ಸರಣಿಯ ಒಂಬತ್ತು ಸಂಖ್ಯೆಗಳಿಂದ ಟ್ರೀ ಕಟ್ಟಿ: 6, 9, 5, 2, 8, 15, 24, 14, 7. ಒಂಬತ್ತು ಕಾಲಂ ಸಾಕು. ಆಮೇಲೆ 6, 7, 8 ಈ ಕ್ರಮದಲ್ಲಿ ತೆಗೆಯಿರಿ. ಮೂರು ಸಲವೂ ತೆಗೆಯುವುದು ರೂಟನ್ನೇ, ಮೂರು ಸಲವೂ ಎರಡು ಮಕ್ಕಳು.

6ಕ್ಕೆ ಸಕ್ಸೆಸರ್ 7, ಅಪ್ಪ 8, ಬದಲಾಗುವುದು 8ರ ಎಡ ಬಾಣ. 7ಕ್ಕೆ ಸಕ್ಸೆಸರ್ 8, ಅಪ್ಪ 9, ಬದಲಾಗುವುದು 9ರ ಎಡ ಬಾಣ. 8ಕ್ಕೆ ಸಕ್ಸೆಸರ್ 9, ಅದು ರೂಟಿನ ನೇರ ಬಲ ಮಗು. ಈ ಸಲ ರೂಟಿನ ಬಲ ಬಾಣ 15ಕ್ಕೆ ಹೋಗಬೇಕು. ಕೊನೆಗೆ ರೂಟ್ 9, ಎಡಕ್ಕೆ 5 ಮತ್ತು ಅದರ ಎಡಕ್ಕೆ 2, ಬಲಕ್ಕೆ 15 ಮತ್ತು ಅದರ ಎರಡು ಬದಿಗೆ 14, 24. ಇನ್‌ಆರ್ಡರ್ `2 5 9 14 15 24`.

ನಿಮ್ಮ ಕೋಡಿನಲ್ಲಿ `free` ಸಾಲನ್ನು ತಾತ್ಕಾಲಿಕವಾಗಿ ಕಾಮೆಂಟ್ ಮಾಡಿ ಓಡಿಸಿ. `14 15 24 9 9 14 15 24` ಬಂದರೆ ಹಂತ 6ರ `if` ಬಿಟ್ಟುಹೋಗಿದೆ: 5, 2 ಕಳಚಿಬಿದ್ದು 15ರ ಕುಟುಂಬ ಎರಡೂ ಕಡೆ ನೇತಾಡುತ್ತಿದೆ.